ಹೊಟ್ಟೆ ಸೀಳಬೇಕೋ ಬೇಡವೋ? ಎಂಟು ತಪ್ಪಿನ ಒಂದು ಬ್ಯಾನರು

ಮೊದಲು ಆಟ, ಆಮೇಲೆ ಪಾಠ. ಕುಮಟಾ ಮತ್ತು ಅಂಕೋಲೆಯ ನಡುವಿನ ಒಂದು ಊರಲ್ಲಿ ಯುವಕ ಸಂಘದವರು ಯಕ್ಷಗಾನ ಆಡಿಸುತ್ತಿದ್ದಾರೆ ಅಂದುಕೊಳ್ಳಿ. ಹೆದ್ದಾರಿ ಪಕ್ಕ ಕಟ್ಟಬೇಕಾದ ಬ್ಯಾನರಿನ ಕರಡು ನಿಮ್ಮ ಕೈಗೆ ಬಂದಿದೆ. ಅಚ್ಚಿಗೆ ಹೋಗುವ ಮೊದಲು ನೀವು ಒಮ್ಮೆ ನೋಡಿಕೊಡಬೇಕು. ಪೆನ್ಸಿಲ್ ಹಿಡಿದು ಓದಿ:

"ಪ್ರಸಿದ್ದ ಕಲಾವಿದರ ಕೂಡುವಿಕೆಯಲ್ಲಿ ಬಡಗುತಿಟ್ಟಿನ ಯಕ್ಷಗಾನ. ಉಧ್ಘಾಟನೆ: ಊರಿನ ಜೇಷ್ಟ ಭಾಗವತರಿಂದ. ಮಕ್ಕಳಿಗೆ ಚಂಡೆ, ಮದ್ಧಳೆ ಪರಿಚಯ ಶಿಬಿರ ಬೆಳಿಗ್ಗೆ 10 ಗಂಟೆಗೆ. ವಿಧ್ಯಾರ್ಥಿಗಳಿಗೆ ಪ್ರವೇಶ ಉಚಿತ. ಮದ್ಯಾಹ್ನ ಊಟದ ವ್ಯವಸ್ಥೆ ಇದೆ. ಸ್ಪರ್ಧೆಯಲ್ಲಿ ಗೆದ್ಧವರಿಗೆ ಸಂಜೆ ಬಹುಮಾನ. ಸರ್ವರಿಗೂ ಹಾರ್ಧಿಕ ಸ್ವಾಗತ."

ಎಷ್ಟು ಸಿಕ್ಕಿತು? ತಪ್ಪು ಪದಗಳು ಎಂಟು. ಆರಕ್ಕಿಂತ ಹೆಚ್ಚು ಹಿಡಿದಿದ್ದರೆ ನಿಮ್ಮ ಕಣ್ಣು ಚುರುಕಾಗಿದೆ. ಆದರೂ ಮುಂದೆ ಓದಿ, ಯಾಕೆ ತಪ್ಪು ಅಂತ ಹೇಳುವುದಕ್ಕೆ ಬೇರೆಯೇ ಅಂಕ ಇದೆ. ಹತ್ತು ಸಿಕ್ಕಿತು ಅಂದರೆ ಸರಿ ಇದ್ದದ್ದನ್ನೂ ಹೊಡೆದುಹಾಕಿದ್ದೀರಿ. "ಗಂಟೆ", "ಸ್ಪರ್ಧೆ", "ವ್ಯವಸ್ಥೆ" ಮೂರೂ ಸರಿಯೇ. ನಾನು ಬೇಕೆಂದೇ ಇಟ್ಟ ಬಲೆ ಅವು.

ಎಂಟರಲ್ಲೂ ಸಮಸ್ಯೆ ಒಂದೇ. ಅಲ್ಪಪ್ರಾಣ ಇರಬೇಕಾದಲ್ಲಿ ಮಹಾಪ್ರಾಣ, ಇಲ್ಲವೇ ಅದರ ಉಲ್ಟಾ. ಶಾಲೆಯಲ್ಲಿ ನಮ್ಮ ಅಕ್ಕೋರು ಇದನ್ನು "ಹೊಟ್ಟೆ ಸೀಳುವುದು" ಅನ್ನುತ್ತಿದ್ದರು. ದಕಾರದ ಹೊಟ್ಟೆ ಸೀಳಿದರೆ ಧಕಾರ. ಕನ್ನಡದಲ್ಲಿ ಕಾಗುಣಿತ ತಪ್ಪುವ ಜಾಗ ಬೇರೆಯೂ ಇವೆ, ಆದರೆ ನಾನು ಊರಿನ ಆಮಂತ್ರಣ, ಬ್ಯಾನರು, ಸ್ಮರಣ ಸಂಚಿಕೆಗಳ ಕರಡು ತಿದ್ದುವಾಗ ಅತಿ ಹೆಚ್ಚು ಕೆಂಪು ಗೀಟು ಬೀಳುವುದು ಇಲ್ಲೇ. ಅದರಲ್ಲೂ ಒತ್ತಕ್ಷರದಲ್ಲಿ. ಹಾಗಾಗಿ ಇವತ್ತು ದ್ದ, ದ್ಧ, ದ್ಯ, ಧ್ಯ, ಷ್ಟ, ಷ್ಠ ಇಷ್ಟನ್ನೇ ಹಿಡಿದುಕೊಳ್ಳೋಣ.

ಕಿವಿಯನ್ನು ನಂಬಬೇಡಿ

ಶಿರಸಿಯ ನನ್ನ ಸೊಸೆಗೆ ಇದೇ ಕರಡು ತೋರಿಸಿದೆ. ಎರಡು ಸಲ ಜೋರಾಗಿ ಓದಿದಳು. "ಮಾವ, ಎಲ್ಲಾ ಸರಿ ಇದ್ದು" ಅಂದಳು. ಅವಳ ತಪ್ಪಲ್ಲ. ಅಂಗೈಯನ್ನು ಬಾಯಿಯ ಎದುರು ಹಿಡಿದು "ದನ", "ಧನ" ಅನ್ನಿ. ಎರಡನೆಯದಕ್ಕೆ ಕೈಗೆ ಉಸಿರು ತಾಗಬೇಕು. ಪದದ ಮೊದಲಲ್ಲಿ ಇದು ನಡೆದೀತು. ಆದರೆ "ಪ್ರಸಿದ್ದ", "ಪ್ರಸಿದ್ಧ" ಎರಡನ್ನೂ ಮಾತಿನ ಓಟದಲ್ಲಿ ನಾವು ಒಂದೇ ಥರ ಹೇಳುತ್ತೇವೆ. ಕಿವಿಗೆ ವ್ಯತ್ಯಾಸವೇ ಸಿಗದ ಮೇಲೆ ಕೈ ಏನನ್ನು ಬರೆಯಬೇಕು? ಊಹೆ. ಊಹಿಸಿ ಬರೆಯುವವರು ಎರಡು ಬಗೆ. ಕೆಲವರು ಎಲ್ಲೂ ಸೀಳುವುದಿಲ್ಲ, "ಪ್ರಸಿದ್ದ" ಬರುವುದು ಅವರಿಂದ. ಇನ್ನು ಕೆಲವರು ಶುದ್ಧವಾಗಿ ಕಾಣಲಿ ಅಂತ ಸಿಕ್ಕಿದ್ದನ್ನೆಲ್ಲ ಸೀಳುತ್ತಾರೆ, "ಹಾರ್ಧಿಕ", "ಗೆದ್ಧ" ಬರುವುದು ಅವರಿಂದ.

ಊಹೆಯ ಬದಲು ಒಂದು ಪ್ರಶ್ನೆ ಕೇಳಿ: ಈ ಉಸಿರು ಎಲ್ಲಿಂದ ಬಂತು? ಪದದ ನೆಂಟರಲ್ಲಿ, ಅಂದರೆ ಅದೇ ಬೇರಿನಿಂದ ಬಂದ ಪದಗಳಲ್ಲಿ, ಯಾರಿಗಾದರೂ ಉಸಿರಿದ್ದರೆ ಇವರಿಗೂ ಇದೆ. ಇಲ್ಲದಿದ್ದರೆ ಇಲ್ಲ. ಇದನ್ನು ಹಂತ ಹಂತವಾಗಿ ಬ್ಯಾನರಿನ ಮೇಲೆ ಮಾಡಿ ನೋಡೋಣ.

ಹಂತ 1: ಬರಲೇಬಾರದ ಒತ್ತು ಇದೆಯೇ ನೋಡಿ

ಅನುನಾಸಿಕ ಬಿಟ್ಟು ಎರಡು ವರ್ಗೀಯ ವ್ಯಂಜನಗಳು, ಅಂದರೆ ಕ ಇಂದ ಬ, ಭ ತನಕದ ಗಟ್ಟಿ ಅಕ್ಷರಗಳು, ಒಂದರ ಕೆಳಗೊಂದು ಬಂದಾಗ ಮೇಲಿನದು ಮಹಾಪ್ರಾಣ ಆಗುವುದೇ ಇಲ್ಲ. ಕಾರಣ ಸರಳ. ಉಸಿರು ಹೊರಬರುವುದು ಅಕ್ಷರ ಬಿಟ್ಟಾಗ. ಮೇಲಿನ ಅಕ್ಷರವನ್ನು ಬಿಡುವ ಮೊದಲೇ ಕೆಳಗಿನದಕ್ಕೆ ಹೋಗಿರುತ್ತೇವೆ, ಅದಕ್ಕೆ ಉಸಿರು ಸೇರುವ ಜಾಗ ಕೆಳಗಿನದು ಮಾತ್ರ. ಹಾಗಾಗಿ "ಶುಧ್ದ", "ಶುಧ್ಧ", "ಉಧ್ಘಾಟನೆ" ಇವು ಯಾವ ನಿಘಂಟು ತೆರೆಯದೆಯೂ ತಪ್ಪು. ಬ್ಯಾನರಿನ ಎರಡನೆಯ ತಪ್ಪು ಇಲ್ಲಿಗೆ ಮುಗಿಯಿತು: ಉತ್ ಮತ್ತು ಘಾಟನೆ ಸೇರಿ ಉದ್ಘಾಟನೆ. ಸೀಳು ಘಕಾರಕ್ಕೆ ಮಾತ್ರ.

ಒಂದು ಎಚ್ಚರಿಕೆ. ಕೆಳಗೆ ಯ, ರ, ವ, ನ ಇದ್ದರೆ ಈ ಮಾತು ಅನ್ವಯಿಸುವುದಿಲ್ಲ. ಧ್ಯಾನ, ಧ್ರುವ, ಧ್ವಜ, ವಿಘ್ನ ಎಲ್ಲವೂ ಸರಿ.

ಹಂತ 2: ಮನೆಯ ಪದವೋ ನೋಡಿ

ಅಚ್ಚಗನ್ನಡ ಪದಗಳಿಗೆ ಇಂಥ ಒತ್ತಿನಲ್ಲಿ ಹೊಟ್ಟೆ ಸೀಳುವ ಅಭ್ಯಾಸವಿಲ್ಲ. ಕ್ರಿಯಾಪದವಾದರೆ ಪರೀಕ್ಷೆ ಬಲು ಸುಲಭ, ಅದನ್ನು ಆಜ್ಞೆಯ ರೂಪಕ್ಕೆ ತಿರುಗಿಸಿ. ಗೆದ್ದ, ಗೆಲ್ಲು. ಬಿದ್ದ, ಬೀಳು. ಎದ್ದ, ಏಳು. ಕದ್ದ, ಕದಿ. ಹೀಗೆ ಕನ್ನಡದ ಧಾತು ಸಿಕ್ಕಿತು ಅಂದರೆ ದ್ದ ಬರೆದು ನಿಶ್ಚಿಂತೆಯಿಂದಿರಿ. ನನ್ನ ಸೊಸೆ ಹೇಳಿದ "ಇದ್ದು" ಕೂಡ ಇದೇ ಗುಂಪು. ನಾಮಪದಗಳಲ್ಲಿ ಗದ್ದೆ, ಮದ್ದು, ಉದ್ದು, ಮುದ್ದೆ, ಹೆದ್ದಾರಿ. ಬ್ಯಾನರಿನ "ಗೆದ್ಧವರಿಗೆ" ಆದ್ದರಿಂದ "ಗೆದ್ದವರಿಗೆ".

ಮದ್ದಳೆಯ ಕಥೆ ಸ್ವಲ್ಪ ಬೇರೆ. ಸಂಸ್ಕೃತದಲ್ಲಿ ಅದು ಮರ್ದಲ. ನಮ್ಮ ನಾಲಿಗೆಗೆ ಬಂದು ರಕಾರ ಕರಗಿ ಮದ್ದಳೆಯಾಯಿತು. ಮೂಲದಲ್ಲೂ ಉಸಿರಿಲ್ಲ, ಇಲ್ಲೂ ಇಲ್ಲ. ಮೂಲದಲ್ಲಿ ಉಸಿರಿದ್ದರೂ ತದ್ಭವವಾಗುವಾಗ ಅದು ಬಿಟ್ಟುಹೋಗುವುದುಂಟು. ಘಂಟಾ ಗಂಟೆಯಾಗಿದೆ, ಸಂಧ್ಯಾ ಸಂಜೆಯಾಗಿದೆ. ಅದಕ್ಕೇ ಬ್ಯಾನರಿನ "10 ಗಂಟೆಗೆ" ಸರಿ. ಅದನ್ನು "ಘಂಟೆಗೆ" ಅಂತ ತಿದ್ದುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ, ಸಂಜೆಯನ್ನೂ ಸಂಧ್ಯೆ ಅಂತ ತಿದ್ದುತ್ತಾರೆಯೇ?

ಹಂತ 3: ನೆಂಟರನ್ನು ಕರೆಯಿರಿ

ಈಗ ಸಂಸ್ಕೃತದಿಂದ ಬಂದ ಪದಗಳು. ನನಗೆ ಅತಿ ಇಷ್ಟವಾದ ಹಂತ ಇದು, ಸ್ವಲ್ಪ ಹೊತ್ತು ಇಲ್ಲೇ ಕೂತುಕೊಳ್ಳೋಣ.

ಯೋಧ ಏನು ಮಾಡುತ್ತಾನೆ? ಯುದ್ಧ. ಯೋಗ ಇದ್ದದ್ದು? ಯುಕ್ತ. ಎರಡೂ ಒಂದೇ ಅಚ್ಚಿನಲ್ಲಿ ಎರಕವಾದ ಪದಗಳು: ಧಾತುವಿಗೆ ತಕಾರ ಸೇರಿಸಿದ್ದಾರೆ. ಯೋಗದ ಧಾತುವಿನಲ್ಲಿ ಉಸಿರಿಲ್ಲ, ಹಾಗಾಗಿ ತಕಾರ ತಕಾರವಾಗಿಯೇ ಉಳಿದು ಯುಕ್ತ ಆಯಿತು. ಯೋಧನ ಧಾತುವಿನ ಕೊನೆಯಲ್ಲಿ ಧಕಾರವಿದೆ. ಅದು ಒತ್ತಿನ ಮೇಲಿನ ಮನೆಗೆ ಬಂದಾಗ, ಒಂದನೇ ಹಂತದಲ್ಲಿ ಹೇಳಿದಂತೆ, ಅಲ್ಲಿ ಉಸಿರಿಗೆ ಜಾಗವಿಲ್ಲ. ಉಸಿರು ಕಳೆದುಹೋಗಲಿಲ್ಲ, ಕೆಳಗಿನ ಮನೆಗೆ ಇಳಿಯಿತು. ತಕಾರವೇ ಧಕಾರವಾಗಿ ಯುದ್ಧ ಆಯಿತು.

ಇದನ್ನು ಹಿಡಿದುಕೊಂಡರೆ ಉಳಿದವು ಸಾಲಾಗಿ ಬರುತ್ತವೆ. ಬೋಧನೆಯಿಂದ ಬುದ್ಧ, ಶೋಧನೆಯಿಂದ ಶುದ್ಧ, ಬಂಧನದಿಂದ ಬದ್ಧ, ವಿರೋಧದಿಂದ ವಿರುದ್ಧ, ವರ್ಧನೆಯಿಂದ ವೃದ್ಧಿ, ಅಭಿವೃದ್ಧಿ. ಸಾಧನೆಯ ನೆಂಟ ಸಿದ್ಧ, ಅವನಿಂದ ಪ್ರಸಿದ್ಧ. ಬ್ಯಾನರಿನ ಮೊದಲ ತಪ್ಪು ಸಿಕ್ಕಿತಲ್ಲ?

ನೆಂಟನ ಬಳಿ ಧಕಾರವೇ ಇರಬೇಕೆಂದಿಲ್ಲ, ಭಕಾರವಾದರೂ ಸಾಕು. ಲಾಭದಿಂದ ಲಬ್ಧ, ಆರಂಭದಿಂದ ಪ್ರಾರಬ್ಧ. ಹಕಾರವಾದರೂ ಸಾಕು, ಹಕಾರ ಅಂದರೇ ಉಸಿರಲ್ಲವೇ. ದಹನದಿಂದ ದಗ್ಧ, ಸ್ನೇಹದಿಂದ ಸ್ನಿಗ್ಧ, ಮೋಹದಿಂದ ಮುಗ್ಧ. ಮೋಹಕ್ಕೆ ಇನ್ನೊಂದು ಮಗುವೂ ಇದೆ: ಮೂಢ. ಅಲ್ಲಿ ಉಸಿರು ಢಕಾರದೊಳಗೆ ಹೋಗಿ ಕೂತಿದೆ. ಮುಗ್ಧನೂ ಮೂಢನೂ ಒಂದೇ ಮನೆಯವರು ಅಂತ ಗೊತ್ತಾದ ದಿನ ನಾನು ಬಹಳ ಹೊತ್ತು ಅದನ್ನೇ ಯೋಚಿಸಿದ್ದೆ.

ಕೆಲವು ಪದಗಳಲ್ಲಿ ಉಸಿರು ಎರಡು ಪದ ಕೂಡುವ ಸಂದಿಯಿಂದ ಬರುತ್ತದೆ. ಉತ್ ಜೊತೆ ಹಾರ ಸೇರಿ ಉದ್ಧಾರ. ಪದ ಅಂದರೆ ಹೆಜ್ಜೆ, ಅದರ ಜೊತೆ ಹತಿ ಸೇರಿ ಪದ್ಧತಿ, ಅಂದರೆ ತುಳಿದು ಆದ ದಾರಿ. ಹಕಾರ ಇತ್ತು, ಅದಕ್ಕೆ ಸೀಳು ಬಂತು. ಉತ್ ಜೊತೆ ದೇಶ ಸೇರಿದ ಉದ್ದೇಶದಲ್ಲಿ ಹಕಾರ ಇಲ್ಲ, ಅದಕ್ಕೆ ಸೀಳೂ ಇಲ್ಲ. "ಉದ್ಧೇಶ" ಅಂತ ಸರ್ಕಾರಿ ಅರ್ಜಿಗಳಲ್ಲಿಯೂ ಕಾಣುತ್ತದೆ, ದಯವಿಟ್ಟು ಬರೆಯಬೇಡಿ.

ನೆಂಟರನ್ನು ಕರೆದಾಗ ಉಸಿರು ಇಲ್ಲ ಅಂತ ಗೊತ್ತಾಗುವುದೂ ಅಷ್ಟೇ ಉಪಯೋಗದ್ದು. ಹಾರ್ದಿಕದ ನೆಂಟ ಹೃದಯ. ಹೃದಯದಲ್ಲಿರುವುದು ಬರೀ ದಕಾರ. ಹಾಗಾದರೆ "ಹಾರ್ಧಿಕ" ಎಲ್ಲಿಂದ? "ಸ್ಪರ್ಧೆ", "ಅರ್ಧ" ನೋಡಿ ನೋಡಿ ಅರ್ಕಾವೊತ್ತು ಬಂದಲ್ಲೆಲ್ಲ ಸೀಳಬೇಕು ಅನ್ನಿಸಿಬಿಡುತ್ತದೆ, ಅಷ್ಟೇ. ಮದುವೆ ಸೀಸನ್ನಿನಲ್ಲಿ ಹೊನ್ನಾವರದಿಂದ ಕಾರವಾರದ ತನಕ ಕಲ್ಯಾಣಮಂಟಪಗಳ ಬಾಗಿಲಲ್ಲಿ ಈ ಪದವನ್ನು ಎಣಿಸುತ್ತ ಹೋದರೆ ಪ್ರಯಾಣದ ಬೇಸರ ಕಳೆಯುತ್ತದೆ, ಮಕ್ಕಳಿಗೆ ಒಳ್ಳೆಯ ಆಟ.

ಹಂತ 4: ಯಕಾರದ ಮೇಲೆ

ದ್ಯ ಮತ್ತು ಧ್ಯ. ಎರಡೂ ಇವೆ, ಹಾಗಾಗಿ ಇಲ್ಲಿಯೂ ನೆಂಟರೇ ಗತಿ. ವಿದ್ಯೆಯ ನೆಂಟ ವೇದ, ಹಾಗಾಗಿ ವಿದ್ಯಾರ್ಥಿ. ಉದ್ಯೋಗ ಉತ್ ಮತ್ತು ಯೋಗ, ಅಲ್ಲೂ ಉಸಿರಿಲ್ಲ. ಸಾಧ್ಯಕ್ಕೆ ಸಾಧನೆ ಇದೆ, ಅಲ್ಲಿ ಉಸಿರು ಇದೆ.

ಬ್ಯಾನರಿನ "ಮದ್ಯಾಹ್ನ" ಮಾತ್ರ ಬೇಗ ಸರಿಪಡಿಸಿ. ಮಧ್ಯ ಅಂದರೆ ನಡು, ಹಗಲಿನ ನಡು ಮಧ್ಯಾಹ್ನ. ಮದ್ಯದ ನೆಂಟ ಮದ, ಅಂದರೆ ಅಮಲು. ಹೊಟ್ಟೆ ಸೀಳದಿದ್ದರೆ ಸಂಘದವರು ಊಟದ ಬದಲು ಬೇರೆಯದೇ ವ್ಯವಸ್ಥೆ ಮಾಡಿದ್ದಾರೆ ಅಂತ ಓದಿದಂತಾಗುತ್ತದೆ. ಇನ್ನೊಂದು ವಿಷಯ: ಕೊನೆಯಲ್ಲಿ ಹಕಾರದ ಕೆಳಗೆ ನಕಾರ, "ಮಧ್ಯಾನ್ಹ" ಅಲ್ಲ. ಬಾಯಿ ಉಲ್ಟಾ ಹೇಳುತ್ತದೆ, ಕೈ ಹೇಳಬಾರದು.

ಹಂತ 5: ಷಕಾರದ ಕೆಳಗೆ ಟಕಾರವೋ ಠಕಾರವೋ

ಇಲ್ಲಿ ಹೊಟ್ಟೆ ಸೀಳುವ ಮಾತಿಲ್ಲ, ಠಕಾರದ ಹೊಟ್ಟೆಯೊಳಗೆ ಒಂದು ಚುಕ್ಕಿ ಅಷ್ಟೇ. ಸಣ್ಣ ಅಕ್ಷರದಲ್ಲಿ ಆ ಚುಕ್ಕಿ ಕಾಣುವುದೇ ಇಲ್ಲ, ಅದಕ್ಕೇ ಇಷ್ಟು ಗೊಂದಲ. ಎರಡು ಸುಳಿವು ಸಾಕು.

ಒಂದು, "ಎಲ್ಲರಿಗಿಂತ" ಅನ್ನುವ ಅರ್ಥವಿದ್ದರೆ ಠಕಾರ. ಎಲ್ಲರಿಗಿಂತ ಹಿರಿಯ ಜ್ಯೇಷ್ಠ, ಎಲ್ಲರಿಗಿಂತ ಮೇಲು ಶ್ರೇಷ್ಠ, ಎಲ್ಲಕ್ಕಿಂತ ಕಡಿಮೆ ಕನಿಷ್ಠ, ಎಲ್ಲಕ್ಕಿಂತ ಹೆಚ್ಚು ಗರಿಷ್ಠ. ಬಲಿಷ್ಠ, ಪಾಪಿಷ್ಠ ಕೂಡ ಇದೇ ಸಾಲು. ಬ್ಯಾನರಿನ "ಜೇಷ್ಟ" ಎರಡು ಕಡೆ ಜಾರಿದೆ, ಜಕಾರಕ್ಕೆ ಯಕಾರದ ಒತ್ತು ಬೇಕು, ಷಕಾರಕ್ಕೆ ಠಕಾರದ್ದು: ಜ್ಯೇಷ್ಠ.

ಎರಡು, "ನಿಲ್ಲುವುದು" ಅನ್ನುವ ಅರ್ಥ ಅಡಗಿದ್ದರೆ ಠಕಾರ. ಸ್ಥಾನ, ಸ್ಥಿತಿ, ಸ್ಥಿರದಲ್ಲಿರುವ ಸ್ಥಕಾರವೇ ಹಿಂದಿನ ಸ್ವರದ ಸಹವಾಸದಿಂದ ಷ್ಠ ಆಗಿರುತ್ತದೆ. ನಿಷ್ಠೆ, ಪ್ರತಿಷ್ಠೆ, ಅನುಷ್ಠಾನ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಯಾದಾಗ ಗದ್ದುಗೆಯಲ್ಲಿ ದೇವಿಯ ಪ್ರತಿಷ್ಠಾಪನೆ ಆಗುತ್ತದೆ, ಅಂದರೆ ನೆಲೆನಿಲ್ಲಿಸುವುದು. ರಂಗಸ್ಥಳಕ್ಕೆ ಬರುವ ಧರ್ಮರಾಯನ ಇನ್ನೊಂದು ಹೆಸರು ಯುಧಿಷ್ಠಿರ, ಯುದ್ಧದಲ್ಲಿ ಸ್ಥಿರನಾಗಿ ನಿಲ್ಲುವವನು. ಗೋಷ್ಠಿ ಕೂಡ ಹೀಗೇ, ಮೂಲದಲ್ಲಿ ಗೋವುಗಳು ನಿಲ್ಲುವ ಜಾಗದಿಂದ ಬಂದದ್ದು. ಕವಿಗೋಷ್ಠಿಗೆ ಹೋಗುವಾಗಲೆಲ್ಲ ನನಗೆ ಕೊಟ್ಟಿಗೆ ನೆನಪಾಗುತ್ತದೆ, ಖುಷಿಯಿಂದಲೇ.

ಎರಡೂ ಅರ್ಥ ಇಲ್ಲದಿದ್ದರೆ ಟಕಾರ ಬರೆಯಿರಿ, ಬಹುಪಾಲು ಸರಿಯಾಗುತ್ತದೆ. ನಾಶದಿಂದ ನಷ್ಟ, ದೋಷದಿಂದ ದುಷ್ಟ, ದರ್ಶನದಿಂದ ದೃಷ್ಟಿ, ವಿಶೇಷದಿಂದ ವಿಶಿಷ್ಟ, ಕ್ಲೇಶದಿಂದ ಕ್ಲಿಷ್ಟ. ಇಷ್ಟ, ಕಷ್ಟ, ಸ್ಪಷ್ಟ ಕೂಡ. ಈ ಸುಳಿವಿಗೆ ಸಿಗದೆ ಠಕಾರ ಹೊತ್ತು ನಿಂತವು ಕೆಲವಿವೆ: ಓಷ್ಠ, ಕಾಷ್ಠ, ಕುಷ್ಠ, ಪೃಷ್ಠ. ಇವನ್ನು ಬಾಯಿಪಾಠ ಮಾಡಿಕೊಳ್ಳುವುದೇ ಸರಿ.

ಹಂತ 6: ಬೆರಳಿನ ತಪ್ಪನ್ನು ಬಲೆ ಬೀಸಿ ಹಿಡಿಯಿರಿ

ಗೊತ್ತಿದ್ದೂ ತಪ್ಪಾಗುವುದು ಟೈಪು ಮಾಡುವಾಗ. ನುಡಿ ತಂತ್ರಾಂಶದ ಕೀಲಿಮಣೆಯಲ್ಲಿ ದಕಾರ ಸಣ್ಣ ಅಕ್ಷರದ ಕೀಲಿ, ಧಕಾರ ಅದೇ ಕೀಲಿಯನ್ನು ಶಿಫ್ಟ್ ಜೊತೆ ಒತ್ತಿದಾಗ. ಒತ್ತಕ್ಷರಕ್ಕೆ ನಡುವೆ f. ಶುದ್ಧ, ನಿಷ್ಠೆ ಹೀಗೆ ಬರುತ್ತವೆ:

```
SudfD
nixfQe
```

ಕೊನೆಯ ಶಿಫ್ಟ್ ತಪ್ಪಿದರೆ ಶುದ್ದ, ನಿಷ್ಟೆ. ಹಾಗಾಗಿ ಬರೆದು ಮುಗಿದ ಮೇಲೆ ಕಡತದಲ್ಲಿ ಹುಡುಕುವ ಸೌಲಭ್ಯ ತೆರೆದು ನಾಲ್ಕು ಸಲ ಬಲೆ ಬೀಸಿ. ಮೊದಲು "ಧ್ದ", ಆಮೇಲೆ "ಧ್ಧ". ಇವೆರಡರಲ್ಲಿ ಸಿಕ್ಕಿದ್ದೆಲ್ಲ ತಪ್ಪೇ, ಯೋಚಿಸದೆ ತಿದ್ದಿ. ಮೂರನೆಯದು "ದ್ದ", ಸಿಕ್ಕ ಪ್ರತಿಯೊಂದಕ್ಕೂ ಎರಡನೇ ಹಂತದ ಪರೀಕ್ಷೆ ಮಾಡಿ, ಕನ್ನಡದ ಪದವಾದರೆ ಬಿಟ್ಟುಬಿಡಿ. ನಾಲ್ಕನೆಯದು "ಷ್ಟ". ಒಂದು ಆಮಂತ್ರಣಕ್ಕೆ ಐದು ನಿಮಿಷವೂ ಬೇಡ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವ ಗುಂಡಿ ಮಾತ್ರ ಮೂರು, ನಾಲ್ಕನೆಯದರಲ್ಲಿ ಒತ್ತಬೇಡಿ, "ಇದ್ದ", "ಎಷ್ಟು" ಎಲ್ಲ ಹಾಳಾಗುತ್ತವೆ. ಅಚ್ಚಿನ ಅಂಗಡಿಯವರು ಹಳೆಯ ಫಾಂಟಿಗೆ ಬದಲಾಯಿಸುವಾಗ ಒತ್ತುಗಳು ಕೆಡುವುದೂ ಉಂಟು. ಆದ್ದರಿಂದ ಕೊನೆಯ ಕರಡನ್ನು ಪರದೆಯ ಮೇಲೆ ಹಿಗ್ಗಿಸಿ ಒತ್ತುಗಳನ್ನಷ್ಟೇ ನೋಡಿ.

ಹೆಸರುಗಳಿಗೆ ಕೈ ಹಾಕಬೇಡಿ. ನಮ್ಮ ಜಿಲ್ಲೆಯ ಸಿದ್ದಾಪುರವನ್ನು ಜನ ಹೇಗೆ ಬರೆಯುತ್ತಾರೋ ಹಾಗೇ ಇರಲಿ, ಸಿದ್ದಪ್ಪ ತನ್ನ ಹೆಸರನ್ನು ಹೇಗೆ ಬರೆದುಕೊಂಡಿದ್ದಾನೋ ಹಾಗೇ ಇರಲಿ. ಮಹಾಪ್ರಾಣವೇ ಕನ್ನಡ ಬರಹಕ್ಕೆ ಬೇಡ ಅನ್ನುವ ವಾದವೂ ಇದೆ, ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಅದನ್ನು ಗಟ್ಟಿಯಾಗಿ ಮಂಡಿಸಿದ್ದಾರೆ. ಆ ದಾರಿ ಹಿಡಿದವರು ಎಲ್ಲ ಕಡೆಯೂ ಒಂದೇ ಸಮ ಬಿಡುತ್ತಾರೆ, ಅದು ತಪ್ಪಲ್ಲ, ಆಯ್ಕೆ. ಒಂದೇ ಬ್ಯಾನರಿನಲ್ಲಿ "ಪ್ರಸಿದ್ದ", "ಗೆದ್ಧ" ಎರಡೂ ಇದ್ದರೆ ಅದು ಯಾವ ದಾರಿಯೂ ಅಲ್ಲ.

ಕೊನೆಯ ಸುತ್ತು

ಈಗ ಬಿಟ್ಟ ಸ್ಥಳ ತುಂಬಿ. ಉತ್ತರವನ್ನು ಕೈಯಿಂದ ಮುಚ್ಚಿಕೊಳ್ಳಿ.

ಬಲೆಗೆ ಬಿ__ ಬಂಗುಡೆ. ಮಳೆಗಾಲದಲ್ಲಿ ಕಾರವಾರದ ಕಡಲು ಕ್ಷು__. ಕೊಳೆರೋಗದಿಂದ ಅಡಿಕೆ ಬೆಳೆಗಾರರಿಗೆ ನ__. ಕನಿ__ ಕೂಲಿ. ಗೋಕರ್ಣದಲ್ಲಿ ಶ್ರಾ__. ಯಲ್ಲಾಪುರ, ಹಳಿಯಾಳದ ಸಿ__ ಸಮುದಾಯ. ಮಾತು ಸಂದಿ__.

ಬಿದ್ದ, ಬೀಳು ಇರುವುದರಿಂದ. ಕ್ಷುಬ್ಧ, ಕ್ಷೋಭೆಯ ಭಕಾರದಿಂದ. ನಷ್ಟ, ನಾಶದಿಂದ. ಕನಿಷ್ಠ, ಎಲ್ಲಕ್ಕಿಂತ ಕಡಿಮೆಯಾದ್ದರಿಂದ. ಶ್ರಾದ್ಧ, ಶ್ರದ್ಧೆಯಿಂದ ಮಾಡುವುದಾದ್ದರಿಂದ. ಸಂದಿಗ್ಧ, ಸಂದೇಹದ ಹಕಾರದಿಂದ. ಕೊನೆಗೆ ಉಳಿಸಿಕೊಂಡದ್ದು ಸಿದ್ದಿ: ಆಫ್ರಿಕಾ ಮೂಲದ ಈ ನಮ್ಮ ಜನರ ಹೆಸರಿಗೂ ಸಂಸ್ಕೃತದ ಸಿದ್ಧಿಗೂ ಸಂಬಂಧವಿಲ್ಲ. ಅವರ ಹೆಸರು ಬರೆಯುವಾಗ ಹೊಟ್ಟೆ ಸೀಳಬೇಡಿ.